ಮುಖ ಚೂಪು, ದನಿ ಮಂದ: ಈ ಬಾವಲಿಗೆ ಯಾವ ಹೆಸರು ಇಡಲಿ?

ಅರೆನಿದ್ದೆ

ಎಲ್ಲರಿಗೂ ನಮಸ್ಕಾರ. ವಿಟ್ಯೂಬರ್ ಆಗಿ ಸ್ಟ್ರೀಮ್ ಶುರು ಮಾಡಬೇಕು ಅಂತ ಹೊರಟಿದ್ದೇನೆ. ಲೈವ್2ಡಿ ಮಾಡೆಲ್ ಕೈಗೆ ಬಂದಿದೆ, ರಿಗ್ಗಿಂಗ್ ಕೂಡ ಮುಗಿದಿದೆ. ಹೆಸರು ಮಾತ್ರ ಕೂರುತ್ತಿಲ್ಲ.

ಪಾತ್ರ ಒಂದು ಬಾವಲಿ ಹುಡುಗಿ. ದೊಡ್ಡ ತ್ರಿಕೋನದ ಕಿವಿ, ಚೂಪು ತುದಿಯ ರೆಕ್ಕೆ, ಹೊರಗೆ ಇಣುಕುವ ಒಂದು ಕೋರೆಹಲ್ಲು, ಕಡು ನೇರಳೆ ಕೂದಲು. ಚಿತ್ರದಲ್ಲಿ ಎಲ್ಲಿ ನೋಡಿದರೂ ಮೂಲೆಗಳೇ. ಅದಕ್ಕೆ "ಚಿಟ್ಕಿ" ಅಂತ ಇಟ್ಟಿದ್ದೆ. ಕಾಗದದ ಮೇಲೆ ತುಂಬಾ ಚೆನ್ನಾಗಿತ್ತು.

ಆಮೇಲೆ ಗೆಳೆಯರಿಗಷ್ಟೇ ಕಾಣುವ ಹಾಗೆ ಒಂದು ಪರೀಕ್ಷಾ ಸ್ಟ್ರೀಮ್ ಮಾಡಿದೆ. ನನ್ನ ದನಿ ತಗ್ಗು. ನಿಧಾನವಾಗಿ, ಸ್ವಲ್ಪ ಗಾಳಿ ಬೆರೆಸಿ ಮಾತಾಡುತ್ತೇನೆ. ಒಬ್ಬಳು ಹೇಳಿದ್ದು: "ಚಿಟ್ಕಿ ಅಂದಾಗ ಪಟಪಟ ಅಂತ ಮಾತಾಡೋಳು ಬರ್ತಾಳೆ ಅಂದುಕೊಂಡೆ. ಬಂದದ್ದು ನಡುರಾತ್ರಿಯ ರೇಡಿಯೋ." ಉಳಿದವರೂ ಹೌದು ಹೌದು ಅಂದರು.

ಪಟ್ಟಿಯಲ್ಲಿ ಉಳಿದ ಹೆಸರುಗಳು: ಇರುಳಿ, ಮಬ್ಬು, ತೂಗು (ತಲೆಕೆಳಗಾಗಿ ತೂಗಾಡುತ್ತಾಳೆ ಅಂತ). ನನ್ನ ಪ್ರಶ್ನೆ ಇಷ್ಟೇ. ನೋಟ ಒಂದು ಕಡೆ, ದನಿ ಇನ್ನೊಂದು ಕಡೆ ಎಳೆಯುವಾಗ ಹೆಸರು ಯಾವುದರ ಪಕ್ಷ ಹಿಡಿಯಬೇಕು?

ಸುಮ್ನೆ ಬಂದೆ

ಚಿತ್ರದ ಪಕ್ಷ. ಥಂಬ್‌ನೇಲ್‌ನಲ್ಲಿ ದನಿ ಕೇಳಿಸುತ್ತಾ?

ಹಳೇ ಹೆಡ್‌ಫೋನ್

ಇರುಳಿ ಮಾತ್ರ ಬೇಡ. ನಾನು ಮೊದಲು ಓದಿದ್ದೇ ಈರುಳ್ಳಿ ಅಂತ. ಚಾಟ್‌ನಲ್ಲಿ `iruli` ಅಂತ ಬಂದರೆ ಮೊದಲ ದಿನವೇ ಈರುಳ್ಳಿ ಇಮೋಜಿ ಸುರಿಯುತ್ತೆ. ಆಮೇಲೆ ನೀವು ಎಷ್ಟೇ ರೆಕ್ಕೆ ಬಡಿದರೂ ಬಾವಲಿ ಆಗಲ್ಲ.

ಅರೆನಿದ್ದೆ

ಅಯ್ಯೋ ದೇವರೇ. ಇನ್ನು ನನಗೂ ಹಾಗೇ ಕಾಣುತ್ತೆ. ಇರುಳಿ ಪಟ್ಟಿಯಿಂದ ಹೊರಗೆ.

ಪದಗಿರಣಿ

ಇದು ರುಚಿಯ ಪ್ರಶ್ನೆಯೇ ಅಲ್ಲ, ವಿಜ್ಞಾನ ಯಾವತ್ತೋ ಉತ್ತರ ಕೊಟ್ಟಾಗಿದೆ. 1929ರಲ್ಲಿ ಕೋಹ್ಲರ್ ಎಂಬ ಮನಶ್ಶಾಸ್ತ್ರಜ್ಞ ಎರಡು ಆಕಾರ ತೋರಿಸಿದ. ಒಂದು ಚೂಪು, ಒಂದು ಉರುಟು. ಇದರಲ್ಲಿ "ಟಕೇಟೆ" ಯಾವುದು, "ಬಲೂಮಾ" ಯಾವುದು ಅಂತ ಕೇಳಿದರೆ ಜನ ಚೂಪಾದದ್ದಕ್ಕೆ ಟಕೇಟೆ ಅನ್ನುತ್ತಾರೆ. 2001ರಲ್ಲಿ ರಾಮಚಂದ್ರನ್ ಮತ್ತು ಹಬ್ಬಾರ್ಡ್ ಅದನ್ನೇ "ಬೂಬಾ" ಮತ್ತು "ಕಿಕಿ" ಅಂತ ಮಾಡಿ ಇನ್ನಷ್ಟು ಹೆಸರುವಾಸಿ ಮಾಡಿದರು. ನೂರಕ್ಕೆ 95 ಜನ ಚೂಪಿಗೆ ಕಿಕಿ ಅನ್ನುತ್ತಾರೆ ಅಂತ ಅವರ ಮಾತು.

ನಿಮ್ಮ ಬಾವಲಿ ಚೂಪು. ಚಿಟ್ಕಿಯಲ್ಲಿ ಚ, ಟ, ಕ ಮೂರೂ ಇವೆ, ಎರಡೂ ಕಡೆ ಇ ಇದೆ. ಇದಕ್ಕಿಂತ ಹೊಂದುವ ಹೆಸರು ಹುಡುಕಿದರೂ ಸಿಗಲ್ಲ. ಗೆಳೆಯರ ಮಾತು ಬಿಡಿ, ಅದೇ ಇಟ್ಟುಕೊಳ್ಳಿ.

ಪದರಪದರ

ಪದಗಿರಣಿ ಅವರು ಹೇಳಿದ ಪ್ರಯೋಗ ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ನಿಲ್ಲಲ್ಲ. ನಾನು ಬೇರೆಯವರಿಗೆ ಮಾಡೆಲ್ ರಿಗ್ ಮಾಡಿಕೊಡುತ್ತೇನೆ, ಹೆಸರು ಕೂರದೆ ಒದ್ದಾಡುವವರು ನನ್ನ ಹತ್ತಿರ ಆಗಾಗ ಬರುತ್ತಾರೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲಿಗೆ, ಆ 95 ತುಂಬಾ ಮೇಲಿನ ಅಂಕಿ. 2022ರಲ್ಲಿ 25 ಭಾಷೆಗಳ ಜನರ ಮೇಲೆ ಇದನ್ನೇ ಮತ್ತೆ ಮಾಡಿ ನೋಡಿದಾಗ ಸರಾಸರಿ ನೂರಕ್ಕೆ 72ರ ಹತ್ತಿರ ಬಂತು. ಪರಿಣಾಮ ಇದೆ, ಆದರೆ ಕಾನೂನಲ್ಲ. ಅದಕ್ಕಿಂತ ದೊಡ್ಡ ವಿಷಯ, ಆ ಪ್ರಯೋಗದಲ್ಲಿ ಇದ್ದದ್ದು ಕಾಗದದ ಮೇಲೆ ಅಲುಗಾಡದೆ ಕೂತ ಆಕಾರ. ಅದಕ್ಕೆ ದನಿ ಇರಲಿಲ್ಲ. ನಿಮ್ಮ ಬಾವಲಿಗೆ ಇದೆ.

ಎರಡನೆಯದು, ಶಬ್ದ ಹೇಳುವುದು ಆಕಾರವನ್ನಷ್ಟೇ ಅಲ್ಲ. ಅದೇ 1929ರಲ್ಲಿ ಸಪೀರ್ ಎಂಬ ಭಾಷಾಶಾಸ್ತ್ರಜ್ಞ "ಮಿಲ್" ಮತ್ತು "ಮಾಲ್" ಎಂಬ ಅರ್ಥವಿಲ್ಲದ ಪದ ಕೊಟ್ಟು ಯಾವುದು ದೊಡ್ಡ ಮೇಜು, ಯಾವುದು ಚಿಕ್ಕ ಮೇಜು ಅಂತ ಕೇಳಿದ. ಹೆಚ್ಚಿನವರಿಗೆ ಇ ಇರುವುದು ಚಿಕ್ಕದು, ಆ ಇರುವುದು ದೊಡ್ಡದು ಅನಿಸಿತು. ಚಿಟ್ಕಿ ಅಂದಾಗ ಕೇಳುಗನಿಗೆ ಮೂರು ಭರವಸೆ ಒಟ್ಟಿಗೆ ಸಿಗುತ್ತವೆ. ಇವಳು ಚೂಪು, ಇವಳು ಪುಟ್ಟವಳು, ಇವಳು ಚುರುಕು. ಮೊದಲನೆಯದನ್ನು ಚಿತ್ರ ಉಳಿಸಿಕೊಡುತ್ತೆ. ಉಳಿದ ಎರಡನ್ನು ನಿಮ್ಮ ದನಿ ಬಾಯಿ ತೆರೆದ ಕೂಡಲೇ ಮುರಿಯುತ್ತೆ. ನಿಮ್ಮ ಗೆಳತಿಗೆ ಚುಚ್ಚಿದ್ದು ಅದೇ.

ಹಾಗಾಗಿ ನನ್ನ ಉತ್ತರ: ಕರೆಯುವ ಹೆಸರು ದನಿಯ ಪಕ್ಷ ಹಿಡಿಯಲಿ. ಚಿತ್ರ ಕಣ್ಣಿಗೆ ಬೀಳೋದು ಒಂದು ಕ್ಷಣ, ಆಮೇಲೆ ಆಟದ ಮೂಲೆಯಲ್ಲಿ ಚಿಕ್ಕದಾಗಿ ಕೂರುತ್ತೆ. ಅರ್ಧದಷ್ಟು ಜನ ಬೇರೆ ಕೆಲಸ ಮಾಡುತ್ತಾ ಕಿವಿಯಲ್ಲೇ ಸ್ಟ್ರೀಮ್ ಕೇಳುತ್ತಾರೆ. ಮತ್ತೆ, ಮುಂದೆ ಎರಡನೇ ಮಾಡೆಲ್ ಬರೆಸಿದರೆ ಕಿವಿ ಉರುಟೂ ಆಗಬಹುದು. ನಿಮ್ಮ ಗಂಟಲು ಬದಲಾಗಲ್ಲ.

ಸುಮ್ನೆ ಬಂದೆ

ಅರ್ಧದಷ್ಟು ಜನ ಅಂತ ಯಾರು ಎಣಿಸಿದರು?

ಪದರಪದರ

ಯಾರೂ ಎಣಿಸಿಲ್ಲ, "ತುಂಬಾ ಜನ" ಅಂತ ಓದಿಕೊಳ್ಳಿ. ಅಂದಾಜಲ್ಲಿ ಕೈ ಸ್ವಲ್ಪ ಉದಾರವಾಯಿತು.

ಕೊಂಬಿನ ಕಥೆ

ನನ್ನದು ಪೂರ್ತಿ ಉಲ್ಟಾ ಅನುಭವ. ನನ್ನ ಅವತಾರ ಒಂದು ಡ್ರ್ಯಾಗನ್. ಕೊಂಬು, ಉಗುರು, ಹೊಗೆ ಎಲ್ಲಾ ಇದೆ. ಹೆಸರೂ ಗರ್ಜಿಸುವ ಹಾಗೇ ಇದೆ. ನನ್ನ ದನಿ ಮಾತ್ರ ಇಲಿ ಕೀಚಿದ ಹಾಗೆ. ಹೊಸಬರು ಬಂದು ಮೊದಲ ವಾಕ್ಯ ಕೇಳಿದ ಕೂಡಲೇ ನಗುತ್ತಾರೆ, ಅಲ್ಲೇ ಉಳಿಯುತ್ತಾರೆ. ಜಪಾನಿ ವಿಟ್ಯೂಬರ್ ಅಭಿಮಾನಿಗಳು ಇದನ್ನೇ ಗ್ಯಾಪ್ ಮೋಯೆ ಅಂತಾರೆ. ನೋಟಕ್ಕೂ ಗುಣಕ್ಕೂ ಇರುವ ಅಂತರವೇ ಮುದ್ದು. ಎಲ್ಲಾ ಹೊಂದಿಸಿಬಿಟ್ಟರೆ ಆ ಮಜಾನೇ ಇರಲ್ಲ. ಅರೆನಿದ್ದೆ, ನೀವು ಚಿಟ್ಕಿ ಅಂತಲೇ ಇಟ್ಟು ನಡುರಾತ್ರಿಯ ರೇಡಿಯೋ ದನಿಯಲ್ಲಿ "ನಮಸ್ಕಾರ, ನಾನು ಚಿಟ್ಕಿ" ಅನ್ನಿ. ನಾನಂತೂ ಬರುತ್ತೇನೆ.

ಪದರಪದರ

ಒಪ್ಪಿದೆ, ಆದರೆ ನಿಮ್ಮದು ಯಾಕೆ ನಡೆಯುತ್ತೆ ನೋಡಿ. ನಿಮ್ಮಲ್ಲಿ ಹೆಸರು ಮತ್ತು ಚಿತ್ರ ಒಂದೇ ಕಡೆ ನಿಂತಿವೆ, ದನಿ ಒಂಟಿಯಾಗಿ ಎದುರು ನಿಂತಿದೆ. ಎರಡರ ಎದುರು ಒಂದು. ಇದು ಬೇಕಂತಲೇ ಮಾಡಿದ ತಮಾಷೆ ಅಂತ ನೋಡುವವನಿಗೆ ತಕ್ಷಣ ಗೊತ್ತಾಗುತ್ತೆ, ಮೇಲಾಗಿ ನೀವೂ ಅದನ್ನು ಹಿಡಿದು ಆಡುತ್ತೀರಿ. ನಿಮ್ಮ ಸ್ಟ್ರೀಮ್ ಇರುವುದೇ ನಗಿಸೋಕೆ.

ಅರೆನಿದ್ದೆ ಏನು ಸ್ಟ್ರೀಮ್ ಮಾಡುತ್ತಾರೆ ಅಂತ ಇನ್ನೂ ಹೇಳಿಲ್ಲ. ನಗುವಿನ ಸ್ಟ್ರೀಮ್ ಅಲ್ಲದಿದ್ದರೆ ಆ ಅಂತರ ಎರಡನೇ ವಾರಕ್ಕೆ ಹಳಸುತ್ತೆ, ಹೆಸರು ಮಾತ್ರ ಉಳಿಯುತ್ತೆ.

ಅರೆನಿದ್ದೆ

ಹೇಳಲು ಮರೆತಿದ್ದೆ. ನಿಧಾನದ ಪಜಲ್ ಆಟಗಳು, ಆಮೇಲೆ ಚಿತ್ರ ಬರೆಯುತ್ತಾ ಹರಟೆ. ಕೂಗಾಟ ಇರಲ್ಲ. ಕೆಲವರು ಕೇಳುತ್ತಾ ನಿದ್ದೆ ಹೋಗಲಿ ಅನ್ನೋದೇ ಆಸೆ.

ರಂಗುರೇಖೆ

ನನಗೂ ಇದೇ ತೊಂದರೆ. ನಮ್ಮ ಕಾರ್ಟೂನ್ ಕಥೆಯ ಚಾನೆಲ್‌ನಲ್ಲಿ ಮೊಲ, ನರಿ, ಆಮೆ ಮೂರು ಪಾತ್ರ ಇವೆ. ಪ್ರತಿಯೊಂದಕ್ಕೂ ಹೆಸರು ಬೇಕು. ಡಬ್ಬಿಂಗ್‌ಗೆ ಬೇರೆ ಬೇರೆ ಜನ ಇದ್ದಾರೆ. ಮೊಲಕ್ಕೆ ಯಾವ ಹೆಸರು ಇಡಬಹುದು?

ಹಳೇ ಹೆಡ್‌ಫೋನ್

ಅಲ್ಲ ಸ್ವಾಮಿ, ಇಲ್ಲಿ ಕೇಳುತ್ತಿರುವುದು ಲೈವ್ ಸ್ಟ್ರೀಮ್ ಮಾಡುವವರ ಬಗ್ಗೆ. ನಿಮ್ಮಲ್ಲಿ ಹೆಸರು ಮೊದಲು ಇಟ್ಟು ಆಮೇಲೆ ಅದಕ್ಕೆ ಹೊಂದುವ ದನಿಯವರನ್ನು ಕರೆಸಬಹುದು. ಇವರಿಗೆ ಇರೋದು ಒಂದೇ ಗಂಟಲು.

ರಂಗುರೇಖೆ

ಓ ಹಾಗಾ. ಸರಿ, ಬೇರೆ ಕಡೆ ಕೇಳುತ್ತೇನೆ. ಆದರೂ ಮೊಲಕ್ಕೆ ಯಾರಿಗಾದರೂ ಹೊಳೆದರೆ ಹೇಳಿ.

ಸ್ವರ ಏರಿಸು

ಎಲ್ಲರೂ ಹೆಸರನ್ನೇ ತಿರುಚುತ್ತಿದ್ದೀರಲ್ಲ, ದನಿ ಬದಲಾಯಿಸೋ ಸಾಫ್ಟ್‌ವೇರ್ ಹಾಕಿದರೆ ಮುಗಿಯಿತು. ಪಿಚ್ ನಾಲ್ಕೈದು ಮೆಟ್ಟಿಲು ಮೇಲೆ. ಚಿಟ್ಕಿಗೆ ಚಿಟ್ಕಿಯ ದನಿ.

ಮೈಕ್ ಮುಂದೆ

ಹಾಗೆ ಮಾಡಿದವರ ಸ್ಟ್ರೀಮ್ ಹತ್ತು ನಿಮಿಷ ಕೇಳಿ ನೋಡಿ. ಪಿಚ್ ಜೊತೆ ಬಾಯೊಳಗಿನ ಅನುರಣನವನ್ನೂ ಒಟ್ಟಿಗೆ ಎತ್ತಿದರೆ ಟೇಪ್ ವೇಗವಾಗಿ ಓಡಿಸಿದ ಹಾಗೆ ಕೇಳುತ್ತೆ. ಆ ಅನುರಣನವನ್ನು, ಅಂದರೆ ಫಾರ್ಮಂಟ್ ಅನ್ನು, ಬೇರೆಯಾಗಿ ಹಿಡಿಯುವ ಸಾಫ್ಟ್‌ವೇರ್‌ಗಳಿವೆ, ಅದರಲ್ಲಿ ಎರಡು ಮೂರು ಸೆಮಿಟೋನ್ ತನಕ ಸಹಿಸಬಹುದು. ಅದರ ಮೇಲೆ ಸ, ಶ ಎಲ್ಲಾ ತಗಡಿನ ಸದ್ದು. ಎಲ್ಲಕ್ಕಿಂತ ಮೊದಲು ಕೈಕೊಡೋದು ನಗು ಮತ್ತು ಪಿಸುಮಾತು, ಯಾಕೆಂದರೆ ಅಲ್ಲಿ ಸಾಫ್ಟ್‌ವೇರ್‌ಗೆ ಹಿಡಿಯಲು ಸರಿಯಾದ ಪಿಚ್ಚೇ ಸಿಗಲ್ಲ. ಇವರ ದನಿಯಲ್ಲೇ ಗಾಳಿ ಜಾಸ್ತಿ ಇದೆ ಅಂದಮೇಲೆ ಇನ್ನೂ ಕಷ್ಟ.

ಗಂಟಲಿನಿಂದಲೇ ಎತ್ತಿ ಮಾತಾಡುತ್ತೇನೆ ಅಂದರೆ ಅದಕ್ಕೂ ಮಿತಿ ಇದೆ. ಶುರುವಿನ ಉತ್ಸಾಹದಲ್ಲಿ ಎಲ್ಲರ ದನಿಯೂ ಮೇಲಿರುತ್ತೆ. ಎರಡು ಗಂಟೆ ಆದಮೇಲೆ ತಾನಾಗಿ ಕೆಳಗೆ ಬರುತ್ತೆ. ಬಲವಂತವಾಗಿ ಹಿಡಿದಿಟ್ಟರೆ ಮರುದಿನ ಗಂಟಲು ಕಟ್ಟುತ್ತೆ. ಅದಕ್ಕೆ ಹೆಸರನ್ನು ಪರೀಕ್ಷಿಸುವಾಗ ಶುರುವಿನ ದನಿಯಲ್ಲಿ ಹೇಳಿ ನೋಡಬೇಡಿ. ಸ್ಟ್ರೀಮ್ ಮುಗಿಯುವ ಹೊತ್ತಿನ ಸುಸ್ತಾದ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿ. ಅಲ್ಲೂ ಹೆಸರು ನಿಮ್ಮದೇ ಅನಿಸಿದರೆ ಸರಿ.

ಅರೆನಿದ್ದೆ

ಇದನ್ನು ಇವತ್ತೇ ಮಾಡಿದೆ. ಹರಟೆ ಸ್ಟ್ರೀಮ್‌ನ ಕೊನೆಗೆ ಮೂರೂ ಹೆಸರು ಹೇಳಿ ಕೇಳಿಸಿಕೊಂಡೆ. ಚಿಟ್ಕಿ ಅನ್ನುವಾಗ ಬೇಕಂತಲೇ ಚುರುಕಾಗಿ ನಟಿಸಿದ ಹಾಗಿದೆ. ತೂಗು, ಮಬ್ಬು ಎರಡೂ ದನಿಯೊಳಗೇ ಇಳಿಯುತ್ತವೆ. ಈಗ ತೂಗು ಕಡೆ ವಾಲುತ್ತಿದ್ದೇನೆ.

ಪದರಪದರ

ತೂಗು ಕಿವಿಗೆ ಚೆಂದ, ಟೈಪ್ ಮಾಡುವಾಗ ಕಾಟ ಕೊಡುತ್ತೆ. ನಮ್ಮಲ್ಲಿ ಚಾಟ್ ಮಾಡುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ತ ಅಕ್ಷರವನ್ನು ಕೆಲವರು `t` ಅಂತ, ಕೆಲವರು `th` ಅಂತ ಬರೆಯುತ್ತಾರೆ. ಊ ಅನ್ನು `oo`, `u`, `uu` ಅಂತ ಮೂರು ಥರ. ಕೂಡಿಸಿದರೆ ಹೀಗಾಗುತ್ತೆ:

```
toogu  thoogu  tugu  thugu  tuugu  thuugu
```

ಒಬ್ಬರು ನಿಮ್ಮ ಹೆಸರು ಕೇಳಿ ಹುಡುಕಿದರೆ ಈ ಆರರಲ್ಲಿ ಒಂದನ್ನು ಹಾಕುತ್ತಾರೆ. ನಿಮ್ಮ ಹ್ಯಾಂಡಲ್ ಅವುಗಳಲ್ಲಿ ಒಂದೇ. ಇನ್ನೊಂದು ಕಡೆ, `Toogu` ಓದಿದವರಲ್ಲಿ ಅರ್ಧ ಜನ ಟೂಗು ಅನ್ನುತ್ತಾರೆ. (ಈ ಸಲ ಅರ್ಧ ಅಂದದ್ದಕ್ಕೆ ಜಗಳ ಬೇಡ.) ಮೃದುವಾದ ತ ಹೋಗಿ ಗಟ್ಟಿ ಟ ಬಂತು ಅಂದರೆ ನೀವು ಯಾವ ಶಬ್ದಕ್ಕೋಸ್ಕರ ಆ ಹೆಸರು ಆರಿಸಿದಿರೋ ಅದೇ ಕಳೆದುಹೋಯಿತು.

ಇದೇ ತೊಂದರೆ ಲ/ಳ, ನ/ಣ, ದ/ಡ ಜೋಡಿಗಳಲ್ಲೂ ಇದೆ. ಉದ್ದ ಓ ಇನ್ನೂ ಕೆಟ್ಟದು, `oo` ಹಾಕಿದರೆ ಊ ಅಂತ ಓದುತ್ತಾರೆ. ಗ, ಬ, ಮ, ಜ, ರ, ಕ ಇವು ಗೊಂದಲ ಇಲ್ಲದವು. ಸ್ವರ ಗಿಡ್ಡವಾಗಿದ್ದರೆ ಒಳ್ಳೆಯದು.

ಪದಗಿರಣಿ

ಅಕ್ಷರಕ್ಕಾಗಿ ಕನ್ನಡ ಹೆಸರನ್ನೇ ಬಿಡಬೇಕಾ? ಹ್ಯಾಂಡಲ್ ಅನ್ನು ಕನ್ನಡ ಲಿಪಿಯಲ್ಲೇ ಇಟ್ಟರೆ ಈ ರಗಳೆಯೇ ಇಲ್ಲ.

ಲೂಪ್

ಟ್ವಿಚ್‌ನಲ್ಲಿ ಆಗಲ್ಲ. ಅಲ್ಲಿ ಬಳಕೆದಾರರ ಹೆಸರು 4ರಿಂದ 25 ಅಕ್ಷರ, ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟೇ. ಯೂಟ್ಯೂಬ್ ಹ್ಯಾಂಡಲ್ 3ರಿಂದ 30 ಅಕ್ಷರ. ಅಲ್ಲಿ ಬೇರೆ ಲಿಪಿಗಳಿಗೂ ಜಾಗ ಇದೆ. ಆದರೆ ಎರಡು ಕಡೆ ಎರಡು ಥರ ಇಟ್ಟರೆ ಜನ ಇನ್ನೂ ಕಳೆದುಹೋಗುತ್ತಾರೆ. ಎರಡೂ ಕಡೆ ಹ್ಯಾಂಡಲ್ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಚಾನೆಲ್‌ನ ಹೆಸರು ಮತ್ತು ಲೋಗೋ ಕನ್ನಡದಲ್ಲಿ ಇರಲಿ.

ಸುಮ್ನೆ ಬಂದೆ

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳೋದು? ಸರಿ ಹೋಗಲಿಲ್ಲ ಅಂದರೆ ಆಮೇಲೆ ಬದಲಾಯಿಸಿದರಾಯಿತು.

ಲೂಪ್

ಟ್ವಿಚ್‌ನಲ್ಲಿ ಒಮ್ಮೆ ಬದಲಾಯಿಸಿದರೆ 60 ದಿನ ಮತ್ತೆ ಮುಟ್ಟುವಂತಿಲ್ಲ. ಯೂಟ್ಯೂಬ್‌ನಲ್ಲಿ 14 ದಿನಕ್ಕೆ ಎರಡು ಸಲ. ಅದು ಸಣ್ಣ ವಿಷಯ ಬಿಡಿ. ಅಭಿಮಾನಿಗಳು ಬರೆದ ಚಿತ್ರಗಳ ಹ್ಯಾಶ್‌ಟ್ಯಾಗ್, ಬೇರೆಯವರು ಕತ್ತರಿಸಿ ಹಾಕಿದ ಕ್ಲಿಪ್‌ಗಳ ಶೀರ್ಷಿಕೆ, ಇಮೋಟ್‌ಗಳ ಮೊದಲಲ್ಲಿ ಬರುವ ಹೆಸರಿನ ತುಂಡು, ಇವೆಲ್ಲ ಹಳೇ ಹೆಸರಲ್ಲೇ ಉಳಿಯುತ್ತವೆ. ಹೆಸರು ಬದಲಾಯಿಸೋದು ನಿಮ್ಮ ಕೈಯಲ್ಲಿದೆ, ಊರೆಲ್ಲ ಹರಡಿದ್ದು ನಿಮ್ಮ ಕೈಯಲ್ಲಿಲ್ಲ.

ಮೈಕ್ ಮುಂದೆ

ಹಾಗಾದರೆ ಮಬ್ಬು ಉಳಿಯಿತು. `mabbu` ಒಂದೇ ಥರ ಬರೆಯಬಹುದು. ಆದರೆ ನನ್ನದೊಂದು ತಕರಾರು. ಇವರು ಒಬಿಎಸ್‌ನಲ್ಲಿ ಸಣ್ಣ ಸದ್ದನ್ನೆಲ್ಲ ಕತ್ತರಿಸುವ ನಾಯ್ಸ್ ಗೇಟ್ ಹಾಕಿದ್ದಾರಾ?

ಅರೆನಿದ್ದೆ

ಹಾಕಿದ್ದೇನೆ. ಫ್ಯಾನ್ ಸದ್ದು ಬರುತ್ತೆ ಅಂತ. ಸೆಟ್ಟಿಂಗ್ ಏನೂ ಮುಟ್ಟಿಲ್ಲ, ಬಂದ ಹಾಗೇ ಇದೆ.

ಮೈಕ್ ಮುಂದೆ

ಅಂದರೆ ತೆರೆಯುವ ಮಟ್ಟ -26 ಡಿಬಿ, ಮುಚ್ಚುವ ಮಟ್ಟ -32 ಡಿಬಿ, ಅಟ್ಯಾಕ್ 25 ಮಿಲಿಸೆಕೆಂಡ್. ಮೆಲ್ಲಗೆ ಮಾತಾಡುವವರಿಗೆ ಇದು ತುಂಬಾ ಬಿಗಿ. ಮ ಅನ್ನುವಾಗ ತುಟಿ ಮುಚ್ಚಿರುತ್ತೆ, ಸದ್ದು ಮೂಗಿನಿಂದ ಸಣ್ಣಗೆ ಬರುತ್ತೆ. ಅದು -26 ಮುಟ್ಟುವ ಹೊತ್ತಿಗೆ ಮ ಮುಗಿದು ಅ ಶುರುವಾಗಿರುತ್ತೆ. ಜನರಿಗೆ ಕೇಳುವುದು "ನಾನು ಅಬ್ಬು". ಒಂದು ಕ್ಷಣ ಸುಮ್ಮನಿದ್ದು ಹೆಸರು ಹೇಳಿ, ರೆಕಾರ್ಡಿಂಗ್ ಕೇಳಿ. ಗೊತ್ತಾಗುತ್ತೆ.

ಅರೆನಿದ್ದೆ

ಕೇಳಿದೆ. ನಿಜವಾಗಿಯೂ ಅಬ್ಬು! ವಾಕ್ಯದ ನಡುವೆ ಬಂದರೆ ಸರಿ ಇದೆ, ಮೊದಲ ಪದವಾಗಿ ಬಂದರೆ ಮ ಮಾಯ. ನನ್ನ ಮೈಕ್ ಕೆಟ್ಟಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಮೈಕ್ ಮುಂದೆ

ಮೈಕ್ ಚೆನ್ನಾಗಿದೆ. ಮಾತಾಡದೆ ಕೂತಾಗ ಮೀಟರ್‌ನಲ್ಲಿ ಫ್ಯಾನ್ ಸದ್ದು ಎಲ್ಲಿದೆ ನೋಡಿ. ಮುಚ್ಚುವ ಮಟ್ಟವನ್ನು ಅದಕ್ಕಿಂತ ಸ್ವಲ್ಪವೇ ಮೇಲೆ ಇಡಿ, ತೆರೆಯುವ ಮಟ್ಟವನ್ನು ಅದರ ಮೇಲೆ ಐದಾರು ಡಿಬಿ. ಮ ವಾಪಸ್ ಬರುತ್ತೆ. ಆದರೂ ಮೆಲುದನಿಯವರಿಗೆ ಗ, ಬ, ಜ ಥರ ಸಣ್ಣ ಸ್ಫೋಟದಿಂದ ಶುರುವಾಗುವ ಹೆಸರು ಸುರಕ್ಷಿತ. ಮೃದುವಾಗಿಯೂ ಇರುತ್ತೆ, ಗೇಟನ್ನೂ ತಟ್ಟುತ್ತೆ. ಪ, ಫ, ಭ ಬೇಡ, ಹತ್ತಿರದ ಮೈಕ್‌ನಲ್ಲಿ ಗಾಳಿ ಬಡಿಯುತ್ತೆ.

ಹಳೇ ಹೆಡ್‌ಫೋನ್

ಮಬ್ಬಿಗೆ ನನ್ನ ತಕರಾರು ಬೇರೆ. "ಏನು ಮಬ್ಬೋ ನೀನು" ಅಂತ ಬೈಯಿಸಿಕೊಂಡು ಬೆಳೆದವನು ನಾನು. ಆಟದಲ್ಲಿ ಒಂದು ತಪ್ಪು ಹೆಜ್ಜೆ ಇಟ್ಟರೆ ಸಾಕು, ಚಾಟ್ ಪೂರ್ತಿ ಆ ಜೋಕ್ ತುಂಬುತ್ತೆ.

ಗ ಬೇಕು, ಕತ್ತಲು ಬೇಕು, ತಗ್ಗು ದನಿ ಬೇಕು ಅಂದರೆ ಗುಮ್ಮ ಅಂತ ಇಟ್ಟುಬಿಡಿ. ಮಕ್ಕಳನ್ನು ಹೆದರಿಸೋ ಗುಮ್ಮ.

ಅರೆನಿದ್ದೆ

ತಮಾಷೆಗೆ ಹೇಳಿದಿರಿ ಅಂತ ಗೊತ್ತು, ಆದರೆ ಜೋರಾಗಿ ಹೇಳಿ ನೋಡಿದೆ. "ನಮಸ್ಕಾರ, ನಾನು ಗುಮ್ಮ." ಮೈ ಜುಮ್ ಅಂತು.

ಪದರಪದರ

ತಮಾಷೆಯಲ್ಲೇ ಒಳ್ಳೆಯದು ಸಿಕ್ಕಿತು. ಯಾಕೆ ಚೆನ್ನಾಗಿದೆ ನೋಡಿ. ಉ ತಗ್ಗು ದನಿಗೆ ಹೊಂದುವ ಸ್ವರ, ಮ್ಮ ಹತ್ತಿರ ಒಂದು ಕ್ಷಣ ನಿಂತು ಮುಂದೆ ಹೋಗಬೇಕು, ನಿಮ್ಮ ಮಾತಿನ ವೇಗವೂ ಅದೇ. ಇನ್ನು ಅರ್ಥ ಚಿತ್ರದ ಕಡೆಗಿದೆ. ಕೋರೆಹಲ್ಲು, ರೆಕ್ಕೆ, ಕತ್ತಲು ಎಲ್ಲಾ ಗುಮ್ಮನಿಗೆ ಸಲ್ಲುತ್ತೆ. ಅಂದರೆ ಶಬ್ದ ದನಿಗೆ, ಅರ್ಥ ನೋಟಕ್ಕೆ. ನೋಟ ಮತ್ತು ದನಿ ಜಗಳ ಆಡುವಾಗ ಇಂಥ ಹೆಸರು ಹುಡುಕಬೇಕು. ಅರ್ಥವಿಲ್ಲದ ಹೆಸರು ಇಟ್ಟರೆ ಶಬ್ದ ಒಂದೇ ಕೆಲಸ ಮಾಡಬೇಕಾಗುತ್ತೆ, ಅದು ಒಂದೇ ಕಡೆ ವಾಲುತ್ತೆ.

ಬಾಯಿಯ ಚಲನೆಗೂ ಒಳ್ಳೆಯದು. ನಿಮ್ಮದು ವಿಟ್ಯೂಬ್ ಸ್ಟುಡಿಯೋ ಅಲ್ವಾ? ಮೈಕ್‌ನಿಂದ ಬಾಯಿ ಆಡಿಸುವಾಗ ಅದು ಸ್ವರಗಳನ್ನು `VoiceA`, `VoiceI`, `VoiceU` ಅಂತ ಬೇರೆ ಬೇರೆ ಗುರುತಿಸುತ್ತೆ. ಗುಮ್ಮ ಅಂದಾಗ ಬಾಯಿ ಉರುಟಾಗಿ, ಮುಚ್ಚಿ, ಮತ್ತೆ ತೆರೆಯುತ್ತೆ. ಪರದೆಯ ಮೇಲೆ ಹೆಸರು ಕಣ್ಣಿಗೇ ಕಾಣುತ್ತೆ. ಚಿಟ್ಕಿಯಲ್ಲಿ ಎರಡೂ ಸ್ವರ ಇ, ಬಾಯಿ ಒಂದೇ ಕಡೆ ಹಿಗ್ಗಿ ನಿಲ್ಲುತ್ತಿತ್ತು.

ಲೂಪ್

ಒಂದು ನಿಮಿಷ. `gumma` ಅಂತ ಇಂಟರ್‌ನೆಟ್‌ನಲ್ಲಿ ಹುಡುಕುವ ಮುಂಚೆ ಚಿತ್ರಗಳನ್ನು ಆಫ್ ಮಾಡಿ. ವೈದ್ಯಕೀಯದಲ್ಲಿ ಅದು ಸಿಫಿಲಿಸ್ ತುಂಬಾ ಮುಂದುವರಿದಾಗ ಆಗುವ ಗಂಟಿನ ಹೆಸರು.

ಅರೆನಿದ್ದೆ

ಚಿತ್ರ ಆಫ್ ಮಾಡದೆ ಹುಡುಕಿಬಿಟ್ಟೆ.

ಸುಮ್ನೆ ಬಂದೆ

ನಾನೂ 😭

ಕೊಂಬಿನ ಕಥೆ

ಈಗ ನಡುರಾತ್ರಿಯ ರೇಡಿಯೋ ಅಲ್ಲ, ಆಸ್ಪತ್ರೆಯ ರೇಡಿಯೋ.

ಲೂಪ್

ಹೆಸರನ್ನೇ ಬಿಡಬೇಕಾಗಿಲ್ಲ. ಒಂಟಿ ಪದವಾದರೆ ಯಾವತ್ತೂ ಈ ಪಾಡು. ಆ ಹ್ಯಾಂಡಲ್ ಕೂಡ ಖಾಲಿ ಇರಲ್ಲ. ಹಿಂದೆ ಇನ್ನೊಂದು ಪದ ಸೇರಿಸಿ. ಪೂರ್ತಿ ಹೆಸರು ಹುಡುಕೋಕೆ, ಚಿಕ್ಕ ಹೆಸರು ಕರೆಯೋಕೆ. ಜಪಾನಿನ ವಿಟ್ಯೂಬರ್‌ಗಳಲ್ಲಿ ಇದು ಮೊದಲಿನಿಂದ ಇದೆ. 2016ರಲ್ಲಿ ಬಂದ ಕಿಜುನಾ ಐ ಕೂಡ ಎರಡು ಭಾಗದ ಹೆಸರು. ಎರಡನೇ ಭಾಗಕ್ಕೆ ಚಿತ್ರದಲ್ಲಿ ಎದ್ದು ಕಾಣುವುದನ್ನು ಹಾಕಿ.

ಪದಗಿರಣಿ

ಹಾಗಾದರೆ ಚೂಪು ಶಬ್ದಗಳೆಲ್ಲ ಆ ಎರಡನೇ ಭಾಗಕ್ಕೆ ಬರಲಿ. ಗುಮ್ಮರೆಕ್ಕೆ. ಕ್ಕ ಇದೆ, ರೆಕ್ಕೆಯೂ ಇದೆ. ನನ್ನ ಕಿಕಿ ಪೂರ್ತಿ ವ್ಯರ್ಥ ಆಗಲಿಲ್ಲ ನೋಡಿ.

ಪದರಪದರ

ಇದು ಚೆನ್ನಾಗಿದೆ, ಮನಸ್ಸಿನಿಂದ ಹೇಳುತ್ತಿದ್ದೇನೆ. `gummarekke` ಹತ್ತು ಅಕ್ಷರ, ಎರಡೂ ಕಡೆ ಹಿಡಿಸುತ್ತೆ. ಕರೆಯುವುದು ಗುಮ್ಮ, ಲೋಗೋದಲ್ಲಿ ಗುಮ್ಮರೆಕ್ಕೆ. ಲೋಗೋ ಬರೆಸುವಾಗ ಗುಮ್ಮ ಭಾಗದ ಅಕ್ಷರ ಉರುಟಾಗಿರಲಿ, ರೆಕ್ಕೆಯ ಕ್ಕೆ ಒತ್ತಕ್ಷರದ ತುದಿ ಚೂಪಾಗಿ ಕೆಳಗೆ ಜೋತಾಡಲಿ.

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮನ್ನು ಗೊತ್ತಿಲ್ಲದ ಕೆಲವರಿಗೆ ಚಿತ್ರ ಮಾತ್ರ ತೋರಿಸಿ, ಚಿಟ್ಕಿ, ಮಬ್ಬು, ಗುಮ್ಮರೆಕ್ಕೆ ಇವುಗಳಲ್ಲಿ ಯಾವುದು ಅಂತ ಕೇಳಿ. ಬೇರೆ ಕೆಲವರಿಗೆ ದನಿ ಮಾತ್ರ ಕೇಳಿಸಿ ಅದನ್ನೇ ಕೇಳಿ. ಒಬ್ಬರಿಗೇ ಎರಡೂ ತೋರಿಸಬೇಡಿ, ಮೊದಲು ಹೇಳಿದ್ದಕ್ಕೇ ಅಂಟಿಕೊಳ್ಳುತ್ತಾರೆ. ಕೊನೆಗೆ ಹೆಸರನ್ನು ಒಮ್ಮೆ ಮಾತ್ರ ಹೇಳಿ ಟೈಪ್ ಮಾಡಿಸಿ. ಎರಡು ಗುಂಪಿನಲ್ಲೂ ಮೊದಲ ಸ್ಥಾನ ಬರಬೇಕಾಗಿಲ್ಲ. ಎರಡರಲ್ಲೂ ಕೊನೆಗೆ ಬೀಳದಿದ್ದರೆ ಸಾಕು.

ವೈದೇಹಿ_ಅಲ್ಲ

ತಡವಾಗಿ ಬಂದೆ. ನನಗೆ ಗುಮ್ಮ ಅಂದರೆ ಗೂಬೆ. ಎಷ್ಟೋ ಜನ ಗೂಬೆಗೆ ಹಾಗೇ ಅಂತಾರೆ. ನಿಮ್ಮ ಚಿತ್ರ ಬಾವಲಿ. ನಾನು ಬಂದರೆ ಮೊದಲು ಕೇಳೋದೇ "ಗೂಬೆಗೆ ಯಾಕೆ ಕಿವಿ ಇಷ್ಟುದ್ದ" ಅಂತ. ಅದಕ್ಕೆ ರೆಕ್ಕೆ ಬೇರೆ ಸೇರಿಸಿದ್ದೀರಿ, ಗೂಬೆ ಅನ್ನೋದು ಇನ್ನೂ ಗಟ್ಟಿಯಾಯಿತು.

ಪದಗಿರಣಿ

ನಿಘಂಟಿನಲ್ಲಿ ಮೊದಲ ಅರ್ಥ ಹೆದರಿಸುವ ಗುಮ್ಮನೇ ಅಲ್ವಾ?

ವೈದೇಹಿ_ಅಲ್ಲ

ನಿಘಂಟು ತೆರೆದುಕೊಂಡು ಸ್ಟ್ರೀಮ್ ನೋಡುತ್ತಾರಾ ಯಾರಾದರೂ?

ಹಳೇ ಹೆಡ್‌ಫೋನ್

ಗೂಬೆ ಅಂತ ಕರೆಸಿಕೊಳ್ಳೋದು ಮಬ್ಬು ಅನ್ನಿಸಿಕೊಳ್ಳೋದಕ್ಕಿಂತ ವಾಸಿ ಏನಲ್ಲ ಬಿಡಿ.

ಅರೆನಿದ್ದೆ

ಪರೀಕ್ಷೆ ಮಾಡಿದೆ. ದನಿ ಮಾತ್ರ ಕೇಳಿದವರಲ್ಲಿ ಹೆಚ್ಚಿನವರು ಗುಮ್ಮರೆಕ್ಕೆ ಅಂದರು, ಒಂದಿಬ್ಬರು ಮಬ್ಬು. ಚಿಟ್ಕಿ ಅಂದವರು ಯಾರೂ ಇಲ್ಲ. ಚಿತ್ರ ಮಾತ್ರ ನೋಡಿದವರು ಚಿಟ್ಕಿ ಮತ್ತು ಗುಮ್ಮರೆಕ್ಕೆ ನಡುವೆ ಹಂಚಿಹೋದರು, ಚಿಟ್ಕಿ ಸ್ವಲ್ಪ ಮುಂದೆ. ಟೈಪ್ ಮಾಡಿಸಿದಾಗ ಎಲ್ಲರೂ `gumma` ಸರಿಯಾಗಿ ಬರೆದರು. ರೆಕ್ಕೆಯಲ್ಲಿ ಕೆಲವರು `reke`, ಕೆಲವರು `rakke`. ಒಬ್ಬರು ವೈದೇಹಿ_ಅಲ್ಲ ಹೇಳಿದ ಹಾಗೆ ಗೂಬೆ ಎಲ್ಲಿ ಅಂತ ಕೇಳಿದರು.

ಲೂಪ್

`rakke` ಅಂತ ಬರೆಯುವವರು ಬರುತ್ತಲೇ ಇರುತ್ತಾರೆ. ಅದನ್ನೂ ಚಾನೆಲ್ ವಿವರಣೆಯಲ್ಲಿ ಒಮ್ಮೆ ಹಾಕಿಡಿ. `gummarakke` ಹ್ಯಾಂಡಲ್ ಖಾಲಿ ಇದ್ದರೆ ಬೇರೆ ಖಾತೆಯಲ್ಲಿ ಹಿಡಿದಿಟ್ಟು ಅಲ್ಲಿಂದ ನಿಮ್ಮದಕ್ಕೆ ಕೊಂಡಿ ಕೊಡಿ.

ಪದರಪದರ

ಚಿತ್ರದ ಗುಂಪು ಹಂಚಿಹೋದದ್ದನ್ನು ಹೆಸರು ಮುಟ್ಟದೆಯೇ ಸರಿಮಾಡಬಹುದು. ಕಿವಿ ಚೂಪಾಗಿ ಕಾಣುವುದಕ್ಕಿಂತ ಅದು ಪಟಪಟ ಅಲುಗುವುದೇ ಪಾತ್ರವನ್ನು ಚುರುಕು ಅನಿಸುತ್ತೆ. ನಿಮ್ಮ ರಿಗ್‌ನಲ್ಲಿ ಕಿವಿ ಮತ್ತು ಕೂದಲಿನ ಫಿಸಿಕ್ಸ್ ಬಿಗಿಯಾಗಿದ್ದರೆ ರಿಗ್ ಮಾಡಿದವರಿಗೆ ಹೇಳಿ ನಿಧಾನ ಮಾಡಿಸಿ, ಅದು ಚಿಕ್ಕ ಕೆಲಸ. ವಿಟ್ಯೂಬ್ ಸ್ಟುಡಿಯೋದಲ್ಲಿ ತಲೆ ತಿರುಗುವ ಪ್ಯಾರಾಮೀಟರ್‌ಗಳ ಸ್ಮೂದಿಂಗ್ ಸ್ವಲ್ಪ ಏರಿಸಿ. ಬಾಯಿಯದ್ದು ಮಾತ್ರ ಏರಿಸಬೇಡಿ, ಮಾತಿನ ಹಿಂದೆ ಬೀಳುತ್ತೆ. ರೆಪ್ಪೆ ಪೂರ್ತಿ ತೆರೆದಾಗಲೂ ಒಂದು ಚೂರು ಇಳಿದಿರುವ ಹಾಗೆ `ParamEyeLOpen` ಮತ್ತು `ParamEyeROpen` ಮೇಲಿನ ಮಿತಿಯನ್ನು 1 ಬದಲು 0.8ರ ಹತ್ತಿರ ಇಡಿ. ಆಮೇಲೆ ಅಲುಗುವ ಚಿತ್ರ ತೋರಿಸಿ ಕೇಳಿ, ನಿಂತ ಚಿತ್ರ ಬೇಡ.

ಗೂಬೆಯ ತಕರಾರಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆ ಅರ್ಥ ಗೊತ್ತಿರುವವರಿಗೆ ಅದು ಕಾಡುತ್ತೆ. ಪರಿಚಯದ ವೀಡಿಯೋದಲ್ಲಿ ತಲೆಕೆಳಗಾಗಿ ಜೋತುಬಿದ್ದು ಬಂದರೆ ಸ್ವಲ್ಪ ತಗ್ಗಬಹುದು.

ವೈದೇಹಿ_ಅಲ್ಲ

ತಲೆಕೆಳಗಾಗಿ ಬಂದರೆ ಒಪ್ಪುತ್ತೇನೆ.

ಮೈಕ್ ಮುಂದೆ

ಸ್ಮೂದಿಂಗ್ ಏರಿಸಿದಾಗ ಆಟದಲ್ಲಿ ಬೆಚ್ಚಿಬಿದ್ದರೆ ಅವತಾರ ಅರ್ಧ ಕ್ಷಣ ತಡವಾಗಿ ಬೆಚ್ಚುತ್ತೆ, ಗೊತ್ತಿರಲಿ.

ಕೊಂಬಿನ ಕಥೆ

ಗುಮ್ಮ ತಾನೇ ತಡವಾಗಿ ಬೆಚ್ಚೋದು. ಇದಕ್ಕಿಂತ ಗ್ಯಾಪ್ ಮೋಯೆ ಬೇಕಾ?

ಅರೆನಿದ್ದೆ

ಕಿವಿಯ ಫಿಸಿಕ್ಸ್ ಬದಲಾಯಿಸಲು ಕೇಳಿದ್ದೇನೆ. `gummarekke` ಎರಡೂ ಕಡೆ ಖಾಲಿ ಇತ್ತು, ಹಿಡಿದಿಟ್ಟೆ. ಗೂಬೆ ಅನ್ನುವವರು ಜಾಸ್ತಿ ಆದರೆ ಆಗ ನೋಡೋಣ. ನೋಡುವವರನ್ನು ಏನಂತ ಕರೆಯೋದು ಅಂತ ಒಬ್ಬರು ಈಗಲೇ ಕೇಳಿದ್ದಾರೆ, ಅದು ಇನ್ನೊಂದು ತಲೆನೋವು.

ಹಳೇ ಹೆಡ್‌ಫೋನ್

ಹೆದರಿದ ಮಕ್ಕಳು.

ರಂಗುರೇಖೆ

ಚಿಟ್ಕಿ ಈಗ ಯಾರಿಗೂ ಬೇಡ ಅಂದರೆ ನಮ್ಮ ಮೊಲಕ್ಕೆ ತೆಗೆದುಕೊಳ್ಳಲಾ?

ಅರೆನಿದ್ದೆ

ಧಾರಾಳವಾಗಿ. ಡಬ್ಬಿಂಗ್‌ಗೆ ಚುರುಕು ದನಿಯವರನ್ನೇ ಹುಡುಕಿ.